ಕೆಲಸ ಯಾವುದು, ಅರ್ಹತೆ ಯಾವುದು, ಕೊಡುವುದೇನು?

ನನ್ನ ಫೋನಿಗೆ ಬರುವ ಓದುಗರ ಸಂದೇಶಗಳಲ್ಲಿ ಒಂದು ಬಗೆಯವು ತಪ್ಪುವುದೇ ಇಲ್ಲ. ಎಲ್ಲಿಂದಲೋ ಕಾಪಿ ಮಾಡಿ ಅಂಟಿಸಿದ ಉದ್ಯೋಗದ ಜಾಹೀರಾತು, ಅದರ ಕೆಳಗೆ ಒಂದೇ ಸಾಲು: "ಸರ್, ಇದು ನನಗೆ ಆಗಬಹುದಾ?" ಕೇಳುವವರು ಥಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡದ ಮನೆಗಳ ಮಕ್ಕಳು. ಕೆಲಸದ ಜಾಗ ಹೆಚ್ಚಾಗಿ ನವಿಮುಂಬಯಿ: ಐರೋಲಿ, ಮಹಾಪೆ, ವಾಶಿ, ಬೇಲಾಪುರ. ಅಪ್ಪಂದಿರ ಕಾಲದಲ್ಲಿ ಊರಿನವರೊಬ್ಬರು ಹೇಳಿದರೆ ಕೆಲಸ ಆಗುತ್ತಿತ್ತು, ಏನು ಮಾಡಬೇಕು ಎಂಬುದು ಸೇರಿದ ಮೇಲೆ ತಿಳಿಯುತ್ತಿತ್ತು. ಈಗ ಜಾಹೀರಾತು ಮೊದಲೇ ಬರುತ್ತದೆ. ಆದರೂ ಎಷ್ಟೋ ಸಲ ಸೇರಿದ ಮೇಲೆಯೇ ತಿಳಿಯುವುದು.

ಇಂಥ ಸಂದೇಶಕ್ಕೆ ನಾನು ಹೌದು ಅಥವಾ ಅಲ್ಲ ಎಂದು ಉತ್ತರಿಸುವುದಿಲ್ಲ. ಅದನ್ನು ಬಿಚ್ಚಿ ಮೂರು ಭಾಗ ಮಾಡಿ ಬರೆಯಿರಿ ಎನ್ನುತ್ತೇನೆ: ಮಾಡಬೇಕಾದ ಕೆಲಸ, ಇರಬೇಕಾದ ಅರ್ಹತೆ, ಸಿಗುವ ಸೌಲಭ್ಯ. ಒಂದು ಭಾಗದ ಸಾಲುಗಳೆಲ್ಲ ಒಂದೇ ಅಚ್ಚಿನಲ್ಲಿರಬೇಕು. ಇದು ಅಂದವಾಗಿ ಕಾಣಲಿ ಎಂದು ಮಾಡುವ ಕೆಲಸ ಎಂದು ಅನೇಕರು ಭಾವಿಸಿದ್ದಾರೆ. ಅಂದ ಬರುವುದು ನಿಜ. ಆದರೆ ಒಂದು ಸಾಲನ್ನು ಯಾವ ಭಾಗಕ್ಕೆ ಹಾಕಬೇಕು ಎಂದು ನಿರ್ಧರಿಸಲು ಹೊರಟಾಗಲೇ ಆ ಸಾಲು ನಿಜವಾಗಿ ಏನನ್ನೂ ಹೇಳುತ್ತಿಲ್ಲ ಎಂಬುದು ಬಯಲಾಗುತ್ತದೆ. ನನಗೆ ಮುಖ್ಯವಾದದ್ದು ಅದು.

ಕಲ್ಯಾಣದ ಓದುಗಿಯೊಬ್ಬಳು ಕಳಿಸಿದ್ದನ್ನೇ ನೋಡೋಣ. ಬಿ.ಕಾಂ. ಮುಗಿಸಿ ಒಂದು ವರ್ಷ ಲೆಕ್ಕಪತ್ರದ ಆಫೀಸಿನಲ್ಲಿ ದುಡಿದ ಹುಡುಗಿ. ಸಮಾಜದ ವಾಟ್ಸಾಪ್ ಗುಂಪಿನಲ್ಲಿ ಬಂದ ಜಾಹೀರಾತು ಅದು. ಕಂಪನಿಯ ಹೆಸರನ್ನೂ ಫೋನ್ ನಂಬರನ್ನೂ ತೆಗೆದು ಇಲ್ಲಿ ಕೊಟ್ಟಿದ್ದೇನೆ:

"ಅರ್ಜೆಂಟ್ ಬೇಕಾಗಿದ್ದಾರೆ!! ವಾಶಿಯ ಪ್ರತಿಷ್ಠಿತ ಕ್ಲಿಯರಿಂಗ್ ಕಂಪನಿಗೆ ಡಾಕ್ಯುಮೆಂಟೇಶನ್ ಎಕ್ಸಿಕ್ಯೂಟಿವ್. ಪದವೀಧರರು, 1-3 ವರ್ಷ ಅನುಭವ, ಫ್ರೆಶರ್ಸ್ ಕೂಡ ಅಪ್ಲೈ ಮಾಡಬಹುದು. ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎಲ್ಲ ನೋಡಿಕೊಳ್ಳಬೇಕು. ಐಸ್‌ಗೇಟ್ ಗೊತ್ತಿದ್ದರೆ ಒಳ್ಳೆಯದು. ಎಕ್ಸೆಲ್‌ನಲ್ಲಿ ಪಳಗಿದ್ದು ದಿನದ ರಿಪೋರ್ಟ್ ಪಾರ್ಟಿಗೆ ಮೇಲ್ ಮಾಡಬೇಕು. ಒತ್ತಡದಲ್ಲಿ ಕೆಲಸ ಮಾಡುವ ಮನೋಭಾವ, ಟೀಮ್ ಪ್ಲೇಯರ್. ಇಂಗ್ಲಿಷ್, ಹಿಂದಿ, ಮರಾಠಿ. ಜಿ ಕಾರ್ಡ್ ಇದ್ದವರಿಗೆ ಆದ್ಯತೆ. ಅಗತ್ಯ ಬಿದ್ದರೆ ಸಿಎಫ್‌ಎಸ್‌ಗೆ ಹೋಗಬೇಕು, ಸ್ವಂತ ಬೈಕ್ ಇದ್ದರೆ ಉತ್ತಮ. ಫ್ಲೆಕ್ಸಿಬಲ್ ಟೈಮಿಂಗ್. ಮನೆಯಂಥ ವಾತಾವರಣ, ಬೆಳೆಯಲು ಅವಕಾಶ. ಸಿಟಿಸಿ 3.6 ಲಕ್ಷದವರೆಗೆ, ಪಿಎಫ್, ಗ್ರಾಚ್ಯುಟಿ, ವಾರದ ರಜೆ. ಶಿಪ್ಪಿಂಗ್ ಲೈನ್ ಫಾಲೋಅಪ್. ತಕ್ಷಣ ಸೇರುವವರು ವಾಟ್ಸಾಪ್ ಮಾಡಿ."

ಕೆಲಸದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಉರಣ್ ಬಳಿಯ ನ್ಹಾವಾ ಶೇವಾ ಬಂದರಿನಿಂದ ಮಾಲು ಹೊರದೇಶಕ್ಕೆ ಹೋಗಬೇಕಾದರೆ ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ ಸಲ್ಲಿಸಬೇಕು. ರಫ್ತುದಾರರ ಪರವಾಗಿ ಇದನ್ನು ಮಾಡಿಕೊಡುವ ಕಂಪನಿಗಳಿಗೆ ಕ್ಲಿಯರಿಂಗ್ ಏಜೆಂಟ್ ಎನ್ನುತ್ತಾರೆ. ವಾಶಿ, ಬೇಲಾಪುರದಲ್ಲಿ ಇಂಥ ಆಫೀಸುಗಳು ಹೇರಳ. ಐಸ್‌ಗೇಟ್ ಎಂದರೆ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆ. ಸಿಎಫ್‌ಎಸ್ ಎಂದರೆ ಬಂದರಿನ ಹೊರಗೆ ಕಂಟೇನರ್ ತುಂಬುವ, ಇಳಿಸುವ, ಕಸ್ಟಮ್ಸ್ ತಪಾಸಣೆ ನಡೆಯುವ ಅಂಗಳ.

ಮೊದಲ ಕೆಲಸ ಅಂಟಿಸಿದ್ದನ್ನು ತೊಳೆಯುವುದು. ವಾಟ್ಸಾಪ್‌ನಿಂದ ಬಂದ ಪಠ್ಯದಲ್ಲಿ ದಪ್ಪಕ್ಷರಕ್ಕೆ ಹಾಕಿದ ನಕ್ಷತ್ರ ಚಿಹ್ನೆಗಳು, ರಾಕೆಟ್ಟು, ಬೆಂಕಿಯ ಚಿತ್ರಗಳು ಉಳಿದಿರುತ್ತವೆ, ಅವನ್ನು ಕೈಯಿಂದಲೇ ಅಳಿಸಬೇಕು. ಕಂಪ್ಯೂಟರಿನಲ್ಲಾದರೆ ಹೆಚ್ಚಿನ ಕಡೆ `Ctrl+Shift+V` ಒತ್ತಿ ಅಂಟಿಸಿದರೆ ಬಣ್ಣ, ಅಳತೆಗಳೆಲ್ಲ ಬಿದ್ದುಹೋಗಿ ಬರೀ ಅಕ್ಷರ ಉಳಿಯುತ್ತದೆ. ಪಿಡಿಎಫ್‌ನಿಂದ ತೆಗೆದದ್ದಾದರೆ ಇನ್ನೊಂದು ಕಾಟ: ಪ್ರತಿ ಸಾಲೂ ಅರ್ಧ ವಾಕ್ಯಕ್ಕೇ ಮುರಿದಿರುತ್ತದೆ. ವರ್ಡ್‌ನಲ್ಲಿ ಇದನ್ನು ಸರಿಮಾಡಲು ಮೊದಲು `^p^p` ಇರುವಲ್ಲೆಲ್ಲ `##` ಹಾಕಿಸಿ, ಆಮೇಲೆ `^p` ಇರುವಲ್ಲಿ ಒಂದು ಖಾಲಿ ಜಾಗ ಹಾಕಿಸಿ, ಕೊನೆಗೆ `##` ಅನ್ನು ಮತ್ತೆ `^p` ಮಾಡಿಸಬೇಕು. ನಿಜವಾದ ಪ್ಯಾರಾಗಳು ಉಳಿದು ಮುರುಕು ಸಾಲುಗಳು ಕೂಡಿಕೊಳ್ಳುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವಾದರೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಮುಂದೆ ಹೋಗುವಂತಿಲ್ಲ.

ಆಮೇಲೆ ಒಂದು ಸಾಲಿಗೆ ಒಂದೇ ಸಂಗತಿ ಬರುವಂತೆ ಬಿಡಿಸಬೇಕು. "ಎಕ್ಸೆಲ್‌ನಲ್ಲಿ ಪಳಗಿದ್ದು ದಿನದ ರಿಪೋರ್ಟ್ ಪಾರ್ಟಿಗೆ ಮೇಲ್ ಮಾಡಬೇಕು" ಎಂಬುದು ಒಂದು ವಾಕ್ಯ, ಆದರೆ ಎರಡು ಸಂಗತಿ. ಎಕ್ಸೆಲ್ ಗೊತ್ತಿರುವುದು ಅರ್ಹತೆ, ರಿಪೋರ್ಟ್ ಕಳಿಸುವುದು ಕೆಲಸ. ಬಿಡಿಸಿ ಪಕ್ಕಪಕ್ಕ ಇಟ್ಟಾಗ ಹುಡುಗಿಗೇ ಹೊಳೆಯಿತು, ಪಳಗಿರಬೇಕು ಎಂದದ್ದು ಬರೀ ದಿನದ ರಿಪೋರ್ಟಿಗೆ. ಎಷ್ಟು ಕಂಟೇನರ್ ಹೋಯಿತು, ಯಾವ ಬಿಲ್ ಬಾಕಿ ಎಂದು ತೋರಿಸುವ ಪಟ್ಟಿಗೆ ದೊಡ್ಡ ಪಾಂಡಿತ್ಯ ಬೇಡ. ಲೆಕ್ಕಪತ್ರದ ಆಫೀಸಿನಲ್ಲಿ ಇವಳು ದಿನವೂ ಮಾಡುತ್ತಿದ್ದದ್ದು ಅದಕ್ಕಿಂತ ಹೆಚ್ಚು. "ಎಕ್ಸೆಲ್ ಎಕ್ಸ್‌ಪರ್ಟ್ ಅಂತ ಹಾಕಿದ್ದಾರೆ ಸರ್, ಅದಕ್ಕೇ ಹೆದರಿದೆ" ಎಂದಳು.

ಸಾಲುಗಳು ಬಿಡಿಯಾದ ಮೇಲೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದರೆ ಸಾಕು. ಸೇರಿದ ಮೇಲೆ ನಾನು ಮಾಡುವುದಾ? ಸೇರುವ ದಿನವೇ ನನ್ನ ಹತ್ತಿರ ಇರಬೇಕಾದದ್ದಾ? ಅವರು ನನಗೆ ಕೊಡುವುದಾ? ಮೂರರಲ್ಲಿ ಒಂದು ಉತ್ತರ ಬಂದರೆ ಅದರ ಭಾಗ ಸಿಕ್ಕಿತು. ಹುದ್ದೆಯ ಹೆಸರು, ಊರು, ಸಂಬಳ, ಸಂಪರ್ಕಿಸುವ ರೀತಿ ಈ ಮೂರಕ್ಕೂ ಸೇರುವುದಿಲ್ಲ. ಅವನ್ನು ಮೇಲೆ ತಲೆಸಾಲಿನಲ್ಲಿ ಬರೆಯಬೇಕು. ಸಂಬಳವನ್ನು ಸೌಲಭ್ಯಗಳ ನಡುವೆ ತುರುಕುವುದು ನನಗಂತೂ ಹಿಡಿಸದು. ದುಡಿದದ್ದಕ್ಕೆ ಕೊಡುವುದು ಸಂಬಳ, ಸೌಲಭ್ಯ ಅದರ ಮೇಲಿನದು. ಇಷ್ಟಾದ ಮೇಲೂ ಎಲ್ಲಿಯೂ ಕೂರದ ಸಾಲು ಉಳಿದರೆ ಅದರ ಮೇಲೆ ಕಣ್ಣಿಡಬೇಕು. "ರಿಜಿಸ್ಟ್ರೇಶನ್ ಫೀ 500 ರೂಪಾಯಿ" ಎಂಬುದು ಕೆಲಸವೂ ಅಲ್ಲ, ಅರ್ಹತೆಯೂ ಅಲ್ಲ, ಸೌಲಭ್ಯವಂತೂ ಅಲ್ಲ. ಅಂಥ ಸಾಲು ಕಂಡರೆ ಮುಂದಿನ ಕಷ್ಟ ತೆಗೆದುಕೊಳ್ಳುವ ಅಗತ್ಯವಿಲ್ಲ, ಸಂದೇಶವನ್ನು ಅಳಿಸಿಬಿಡಿ.

ಈಗ ಒಂದೇ ಅಚ್ಚಿನ ವಿಷಯ. ಕೆಲಸದ ಭಾಗವನ್ನು ಅವಳು ಮೊದಲು ಬರೆದದ್ದು ಹೀಗೆ:

- ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ನೋಡಿಕೊಳ್ಳಬೇಕು
- ದಿನದ ರಿಪೋರ್ಟ್ ಮೇಲ್
- ಶಿಪ್ಪಿಂಗ್ ಲೈನ್ ಫಾಲೋಅಪ್
- ಅಗತ್ಯ ಬಿದ್ದರೆ ಸಿಎಫ್‌ಎಸ್‌ಗೆ ಹೋಗಲು ತಯಾರಿರುವವರು

ಒಂದು ಸಾಲು "ಬೇಕು" ಎಂದು ಮುಗಿದರೆ ಇನ್ನೊಂದು ಬರೀ ಹೆಸರು, ಕೊನೆಯದು ಮನುಷ್ಯರ ವರ್ಣನೆ. ಓದುವಾಗ ಪ್ರತಿ ಸಾಲಿಗೂ ತಲೆ ಹೊಸದಾಗಿ ಹೊಂದಿಕೊಳ್ಳಬೇಕು. ಎಲ್ಲವನ್ನೂ "-ವುದು" ಎಂದು ಮುಗಿಸಿ ನೋಡು ಎಂದೆ. "ಫಾಲೋಅಪ್ ಮಾಡುವುದು" ಎಂದು ಬರೆದವಳೇ ನಿಂತಳು. ಯಾವುದರ ಫಾಲೋಅಪ್? ಕ್ರಿಯಾಪದ ಹಾಕಿದ ಕೂಡಲೇ ಅದಕ್ಕೆ ಕರ್ಮಪದ ಬೇಕಾಗುತ್ತದೆ. ಬರೀ "ಫಾಲೋಅಪ್" ಎಂದು ಬಿಟ್ಟಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಕಂಟೇನರ್ ಬುಕಿಂಗ್‌ಗಾಗಿಯೋ, ಬಿಲ್ ಆಫ್ ಲೇಡಿಂಗ್ ಕರಡಿಗಾಗಿಯೋ, ಬಾಕಿ ಹಣಕ್ಕಾಗಿಯೋ ಎಂಬುದನ್ನು ಜಾಹೀರಾತು ಹೇಳಿಲ್ಲ.

ಇನ್ನೊಂದು ಸಂಗತಿ. ಇಂಗ್ಲಿಷ್ ಜಾಹೀರಾತುಗಳಲ್ಲಿ ಸಾಲುಗಳು ಕ್ರಿಯೆಯಿಂದ ಶುರುವಾಗುತ್ತವೆ: ಪ್ರಿಪೇರ್, ಫೈಲ್, ಕೋಆರ್ಡಿನೇಟ್. ಎಡಗಡೆ ಕಣ್ಣು ಇಳಿಸಿದರೆ ಸಾಕು, ಏನೇನು ಮಾಡಬೇಕು ಎಂದು ತಿಳಿಯುತ್ತದೆ. ಅಲ್ಲಿಯೂ ಒಂದು ಸಾಲು ಪ್ರಿಪೇರ್, ಮುಂದಿನದು ಪ್ರಿಪೇರಿಂಗ್ ಎಂದಾದರೆ ಅಚ್ಚು ಕೆಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬಲತುದಿಯಲ್ಲಿ ಕೂರುತ್ತದೆ. ಹಾಗಾಗಿ ನಮ್ಮ ಸಾಲುಗಳಲ್ಲಿ ಎಡಗಡೆಗೆ ಬರಬೇಕಾದದ್ದು ಕೆಲಸದ ವಸ್ತು: ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ರಿಪೋರ್ಟ್. "ಅಗತ್ಯ ಬಿದ್ದಾಗ", "ಸಮಯಕ್ಕೆ ಸರಿಯಾಗಿ" ಮುಂತಾದವನ್ನು ಸಾಲಿನ ಆರಂಭಕ್ಕೆ ಹಾಕಿದರೆ ಎಡಗಡೆಯ ಆ ಜಾಗ ಹಾಳಾಗುತ್ತದೆ. ವಸ್ತು ಮೊದಲು, ಷರತ್ತು ನಡುವೆ, ಕ್ರಿಯೆ ಕೊನೆಗೆ. ಸಾಲು ಗಿಡ್ಡಗಿದ್ದರೆ ಎರಡು ತುದಿಯೂ ಒಂದೇ ನೋಟಕ್ಕೆ ಸಿಗುತ್ತವೆ.

ಆದರೆ "ನೋಡಿಕೊಳ್ಳುವುದು" ಎಂಬುದನ್ನು ಏನು ಮಾಡೋಣ? ವ್ಯಾಕರಣದ ಅಚ್ಚಿಗೆ ಅದು ಚೆನ್ನಾಗಿಯೇ ಕೂರುತ್ತದೆ, ಅರ್ಥ ಮಾತ್ರ ಏನೂ ಇಲ್ಲ. ಶಿಪ್ಪಿಂಗ್ ಬಿಲ್ಲಿನ ಸುತ್ತ ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ರಫ್ತುದಾರರು ಕಳಿಸಿದ ಇನ್‌ವಾಯ್ಸನ್ನೂ ಪ್ಯಾಕಿಂಗ್ ಲಿಸ್ಟನ್ನೂ ತಾಳೆ ನೋಡಬೇಕು: ಡಬ್ಬಿಗಳ ಸಂಖ್ಯೆ, ತೂಕ, ಮಾಲಿನ ವಿವರಣೆ ಎರಡರಲ್ಲೂ ಒಂದೇ ಇದೆಯಾ ಎಂದು. ಆ ಮಾಹಿತಿಯನ್ನು ಸಾಫ್ಟ್‌ವೇರಿಗೆ ತುಂಬಿ ಚೆಕ್‌ಲಿಸ್ಟ್ ತಯಾರಿಸಿ, ಪಾರ್ಟಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬಂದ ಮೇಲೆ ಡಿಜಿಟಲ್ ಸಹಿಯೊಂದಿಗೆ ಐಸ್‌ಗೇಟ್‌ನಲ್ಲಿ ಸಲ್ಲಿಸಬೇಕು. ಅದಕ್ಕೂ ಮುಂಚೆ ಪೂರಕ ಕಾಗದಗಳನ್ನು ಇ-ಸಂಚಿತ್‌ಗೆ ಏರಿಸಬೇಕು. ಇವುಗಳಲ್ಲಿ ತಾಳೆ ನೋಡುವುದನ್ನು ಲೆಕ್ಕ ಬಲ್ಲ ಹೊಸಬಳೂ ಕೆಲವೇ ದಿನಗಳಲ್ಲಿ ಕಲಿಯುತ್ತಾಳೆ. ಸಲ್ಲಿಸುವ ಜವಾಬ್ದಾರಿ ಹಾಗಲ್ಲ. ಸಲ್ಲಿಸಿದ ಮೇಲೆ ತೂಕವೋ ವರ್ಗೀಕರಣದ ಸಂಖ್ಯೆಯೋ ತಪ್ಪಿದ್ದು ಕಂಡರೆ ತಿದ್ದುಪಡಿಗೆ ಕಸ್ಟಮ್ಸ್ ಮುಂದೆ ನಿಲ್ಲಬೇಕು, ಅಷ್ಟರಲ್ಲಿ ಹಡಗು ತಪ್ಪಿಹೋಗಬಹುದು. ಎರಡಕ್ಕೂ ಬೇಕಾದ ಅನುಭವ ಬೇರೆ, ಕೊಡಬೇಕಾದ ಸಂಬಳವೂ ಬೇರೆ. "ನೋಡಿಕೊಳ್ಳಬೇಕು" ಎಂಬ ಒಂದು ಮಾತು ಇಷ್ಟನ್ನೂ ನುಂಗಿ ಕೂತಿದೆ.

ಇಲ್ಲಿ ನಾನೊಂದು ನಿಯಮ ಹಾಕುತ್ತೇನೆ: ನಮಗೆ ಗೊತ್ತಿದೆ ಎಂದು ಮೂಲದಲ್ಲಿ ಇಲ್ಲದ್ದನ್ನು ತುಂಬಬಾರದು. ಈ ಉದ್ಯಮ ಬಲ್ಲವರಿಗೆ "ನೋಡಿಕೊಳ್ಳುವುದು" ಎಂಬಲ್ಲಿ "ತಯಾರಿಸಿ ಸಲ್ಲಿಸುವುದು" ಎಂದು ಬರೆಯುವ ಆಸೆ ಆಗುತ್ತದೆ. ಹಾಗೆ ಬರೆದರೆ ಅದು ಕಂಪನಿಯ ಜಾಹೀರಾತಲ್ಲ, ನಮ್ಮದು. ಮೂಲದ ಮಾತನ್ನೇ ಇಟ್ಟು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಬೇಕು. ಎಲ್ಲ ಮುಗಿದ ಮೇಲೆ ಆ ಪ್ರಶ್ನೆಚಿಹ್ನೆಗಳೇ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳಾಗುತ್ತವೆ.

ಅರ್ಹತೆಯ ಭಾಗಕ್ಕೆ ಬಂದರೆ ಅಪಾಯ ಇನ್ನೊಂದು ಕಡೆ. ಇಲ್ಲಿ ಸಾಲುಗಳನ್ನು "ಇರಬೇಕು" ಎಂದು ಮುಗಿಸುವುದು ಸಹಜ. ಪದವಿ ಇರಬೇಕು, ಎಕ್ಸೆಲ್ ಗೊತ್ತಿರಬೇಕು, ಐಸ್‌ಗೇಟ್ ಗೊತ್ತಿರಬೇಕು, ಜಿ ಕಾರ್ಡ್ ಇರಬೇಕು, ಬೈಕ್ ಇರಬೇಕು. ಅಚ್ಚುಕಟ್ಟಾಗಿದೆ, ಆದರೆ ಸುಳ್ಳು. ಜಾಹೀರಾತಿನಲ್ಲಿ ಐಸ್‌ಗೇಟ್‌ಗೆ "ಒಳ್ಳೆಯದು" ಎಂದಿದೆ, ಜಿ ಕಾರ್ಡಿಗೆ "ಆದ್ಯತೆ", ಬೈಕಿಗೆ "ಉತ್ತಮ". ಸಾಲುಗಳನ್ನು ಸರಿಹೊಂದಿಸುವ ಭರದಲ್ಲಿ ಬಯಕೆಗಳೆಲ್ಲ ಕಡ್ಡಾಯವಾದವು. ಜಿ ಕಾರ್ಡ್ ಕಸ್ಟಮ್ಸ್ ನಡೆಸುವ ಪರೀಕ್ಷೆ ಪಾಸಾದ ಏಜೆಂಟರ ಸಿಬ್ಬಂದಿಗೆ ಸಿಗುವಂಥದ್ದು. ಬಿ.ಕಾಂ. ಮುಗಿಸಿದ ಹೊಸಬರ ಹತ್ತಿರ ಅದು ಎಲ್ಲಿಂದ ಬರಬೇಕು? ಅದನ್ನು ಕಡ್ಡಾಯದ ಸಾಲಿನಲ್ಲಿ ಕಂಡರೆ ಒಳ್ಳೆಯ ಅಭ್ಯರ್ಥಿ ಅರ್ಜಿಯನ್ನೇ ಹಾಕುವುದಿಲ್ಲ. ಆದ್ದರಿಂದ ಅರ್ಹತೆಯನ್ನು ಎರಡು ಗುಂಪು ಮಾಡಿ, ಗುಂಪಿನ ಒಳಗೆ ಮಾತ್ರ ಒಂದೇ ಅಚ್ಚು ಇಡಬೇಕು:

- ಪದವಿ ಇರಬೇಕು
- ಎಕ್ಸೆಲ್ ಗೊತ್ತಿರಬೇಕು
- ಇಂಗ್ಲಿಷ್, ಹಿಂದಿ, ಮರಾಠಿ ಗೊತ್ತಿರಬೇಕು (ಮಾತೋ, ಬರಹವೋ?)

ಅದರ ಕೆಳಗೆ,

- ಅನುಭವ 1-3 ವರ್ಷ ಇದ್ದರೆ ಒಳ್ಳೆಯದು (?)
- ಐಸ್‌ಗೇಟ್ ಗೊತ್ತಿದ್ದರೆ ಒಳ್ಳೆಯದು
- ಜಿ ಕಾರ್ಡ್ ಇದ್ದರೆ ಒಳ್ಳೆಯದು
- ಸ್ವಂತ ಬೈಕ್ ಇದ್ದರೆ ಒಳ್ಳೆಯದು

ಅನುಭವದ ಸಾಲಿಗೆ ಪ್ರಶ್ನೆಚಿಹ್ನೆ ಯಾಕೆಂದರೆ ಮೂಲದಲ್ಲೇ ಎಡವಟ್ಟಿದೆ. ಒಂದರಿಂದ ಮೂರು ವರ್ಷ ಎಂದ ಬಾಯಿಯಲ್ಲೇ ಫ್ರೆಶರ್ಸ್ ಬರಬಹುದು ಎಂದಿದ್ದಾರೆ. ಹೊಸಬರೂ ಬರಬಹುದಾದರೆ ಅನುಭವ ಕಡ್ಡಾಯವಲ್ಲ ಎಂದು ಕೆಳಗಿನ ಗುಂಪಿಗೆ ಇಳಿಸಿದೆವು. ಹೊಸಬರಿಗೂ ಅನುಭವಿಗಳಿಗೂ ಒಂದೇ ಸಂಬಳ ಇರಲಾರದು, ಅದನ್ನೂ ಕೇಳಿಕೊಳ್ಳಬೇಕು.

"ಒತ್ತಡದಲ್ಲಿ ಕೆಲಸ ಮಾಡುವ ಮನೋಭಾವ, ಟೀಮ್ ಪ್ಲೇಯರ್" ಎಂಬುದನ್ನು ಅರ್ಹತೆಗೆ ಹಾಕುವುದಾ ಎಂದು ಕೇಳಿದಳು. ಟೀಮ್ ಪ್ಲೇಯರ್ ಎಂಬುದನ್ನು ನಾನು ಬಿಟ್ಟೇಬಿಡುತ್ತೇನೆ, ಅದನ್ನು ಬರೆಯದ ಜಾಹೀರಾತು ನಾನು ನೋಡಿಲ್ಲ. ಒತ್ತಡದ ಮಾತು ಮಾತ್ರ ಹಾಗೆ ಬಿಡುವಂಥದ್ದಲ್ಲ. ಅದು ಅರ್ಹತೆಯ ವೇಷ ತೊಟ್ಟ ಕೆಲಸ. ಹಡಗು ಹೊರಡುವ ಮುಂಚೆ ಕಾಗದ ಕೊಡಲು ಒಂದು ಗಡುವು, ಕಂಟೇನರ್ ಬಂದರಿನ ಒಳಗೆ ಹೋಗಲು ಇನ್ನೊಂದು ಗಡುವು ಇರುತ್ತದೆ. ಈ ಲೈನಿನವರು ಅದನ್ನು ಕಟ್-ಆಫ್ ಎನ್ನುತ್ತಾರೆ. ಪಾರ್ಟಿ ಸಂಜೆ ಆರಕ್ಕೆ ಇನ್‌ವಾಯ್ಸ್ ಕಳಿಸಿದರೂ ಆ ಗಡುವು ಮುಂದೆ ಹೋಗುವುದಿಲ್ಲ. ಹೀಗಿರುವಾಗ ಅದೇ ಜಾಹೀರಾತಿನ "ಫ್ಲೆಕ್ಸಿಬಲ್ ಟೈಮಿಂಗ್" ಎಂಬುದನ್ನು ಒತ್ತಡದ ಪಕ್ಕ ಇಟ್ಟು ಓದಿ. ಅದು ಸೌಲಭ್ಯದಂತೆ ಕಾಣುತ್ತದೆ. ಆದರೆ ಸೌಲಭ್ಯದ ಪರೀಕ್ಷೆ "ಅವರು ನನಗೆ ಕೊಡುವುದಾ?" ಎಂಬುದು. ಬೆಳಿಗ್ಗೆ ಹನ್ನೊಂದಕ್ಕೆ ಬರಲು ಬಿಟ್ಟರೆ ಕೊಟ್ಟಂತೆ, ರಾತ್ರಿ ಒಂಬತ್ತರವರೆಗೆ ಕೂರಿಸಿಕೊಂಡರೆ ತೆಗೆದುಕೊಂಡಂತೆ. ಎರಡನ್ನೂ ಫ್ಲೆಕ್ಸಿಬಲ್ ಎಂದೇ ಕರೆಯುತ್ತಾರೆ.

ಸೌಲಭ್ಯದ ಭಾಗವನ್ನು "ಸಿಗುತ್ತದೆ" ಎಂದು ಮುಗಿಸಿ ಬರೆಯಿಸಿದೆ. ಪಿಎಫ್ ಸಿಗುತ್ತದೆ, ಗ್ರಾಚ್ಯುಟಿ ಸಿಗುತ್ತದೆ, ವಾರಕ್ಕೊಂದು ರಜೆ ಸಿಗುತ್ತದೆ. "ಮನೆಯಂಥ ವಾತಾವರಣ ಸಿಗುತ್ತದೆ" ಎಂದು ಬರೆದು ತಾನೇ ನಕ್ಕು ಹೊಡೆದುಹಾಕಿದಳು. ಬೆಳೆಯಲು ಅವಕಾಶ ಎಂಬುದಕ್ಕೂ ಅದೇ ಗತಿ. ಜಿ ಕಾರ್ಡ್ ಪರೀಕ್ಷೆಗೆ ಕಂಪನಿ ಕೂರಿಸುತ್ತದೆ ಎಂದಿದ್ದರೆ ಅದು ಬೆಳೆಯುವ ಅವಕಾಶ, ಸಂತೋಷದಿಂದ ಬರೆದುಕೊಳ್ಳಬಹುದಿತ್ತು. ಉಳಿದ ಮೂರರಲ್ಲಿ ಕಂಪನಿ ತನ್ನ ಕೈಯಿಂದ ಕೊಡುವುದು ಯಾವುದು? ಇಪ್ಪತ್ತು ಜನರಿರುವ ಸಂಸ್ಥೆಗೆ ಪಿಎಫ್ ಕಾನೂನಿನ ಬದ್ಧತೆ. ಗ್ರಾಚ್ಯುಟಿ, ವಾರದ ರಜೆ ಕೂಡ ಕಾನೂನಿನವೇ. ಇವನ್ನು ಬರೆಯಬಾರದು ಎಂದಲ್ಲ, ಕಾನೂನು ಪಾಲಿಸುವ ಕಂಪನಿ ಎಂದು ತಿಳಿಯುವುದೂ ಒಳ್ಳೆಯದೇ. ಆದರೆ ಕಾನೂನಿನವು ಒಂದು ಕಡೆ, ಕಂಪನಿಯವು ಇನ್ನೊಂದು ಕಡೆ ಎಂದು ಬೇರ್ಪಡಿಸಿದಾಗ ಈ ಜಾಹೀರಾತಿನ ಎರಡನೆಯ ಕಡೆ ಖಾಲಿಯಾಗಿ ಉಳಿಯಿತು.

ತಲೆಸಾಲಿಗೆ ಹಾಕಿದ ಸಿಟಿಸಿಯೂ ಇಲ್ಲಿಗೇ ತಳಕು ಹಾಕಿಕೊಂಡಿದೆ. 3.6 ಲಕ್ಷ ಎಂದರೆ ತಿಂಗಳಿಗೆ 30,000 ಎಂದು ಲೆಕ್ಕ ಹಾಕಿ ಮನೆಯಲ್ಲಿ ಹೇಳಿಯೂ ಆಗಿತ್ತು. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿಗೆ ಎತ್ತಿಡುವ ಹಣ ಎಲ್ಲವೂ ಸೇರಿರುವುದು ರೂಢಿ. ಬೇಸಿಕ್ 15,000 ಎಂದಿಟ್ಟುಕೊಳ್ಳಿ. ಅದರ ಶೇ. 12, ಅಂದರೆ 1,800 ಕಂಪನಿಯ ಪಾಲಿನ ಪಿಎಫ್. ಶೇ. 4.81, ಅಂದರೆ ಸುಮಾರು 721 ಗ್ರಾಚ್ಯುಟಿ ಲೆಕ್ಕ. ಇವೆರಡು ಹೋಗಿ ಉಳಿದ 27,479ರಲ್ಲಿ ನೌಕರಳ ಪಾಲಿನ ಪಿಎಫ್ 1,800, ಪ್ರೊಫೆಶನಲ್ ಟ್ಯಾಕ್ಸ್ 200 ಕಳೆದರೆ ಕೈಗೆ ಬರುವುದು 25,479. ಅಂದರೆ ಪಿಎಫ್, ಗ್ರಾಚ್ಯುಟಿಯನ್ನು ಸಂಬಳದ ಅಂಕಿಯ ಒಳಗೂ ಸೇರಿಸಿ, ಸೌಲಭ್ಯದ ಸಾಲಿನಲ್ಲಿ ಇನ್ನೊಮ್ಮೆ ತೋರಿಸಿದ್ದಾರೆ. ಒಂದೇ ಉಸಿರಿನಲ್ಲಿ ಬರೆದ ಪ್ಯಾರಾದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅಲ್ಲದೆ ಇದು "3.6 ಲಕ್ಷದವರೆಗೆ" ಎಂಬುದರ ತುತ್ತತುದಿಯ ಲೆಕ್ಕ, ಹೊಸಬರಿಗೆ ಅಷ್ಟು ಸಿಗುವ ಭರವಸೆ ಜಾಹೀರಾತಿನಲ್ಲಿ ಇಲ್ಲ.

ಉಳಿದ ಪ್ರಶ್ನೆ ಜಾಗದ್ದು. ವಾಶಿ ಎಂದರೆ ಕಲ್ಯಾಣದಿಂದ ಥಾಣೆಗೆ ಒಂದು ಲೋಕಲ್, ಥಾಣೆಯಿಂದ ಟ್ರಾನ್ಸ್‌ಹಾರ್ಬರ್ ಇನ್ನೊಂದು, ಈ ಕಡೆಯವರಿಗೆ ಪಾಠವಾದ ದಾರಿ. ಆದರೆ ಸಿಎಫ್‌ಎಸ್‌ಗಳು ಅನೇಕ ಇರುವುದು ಉರಣ್ ಪಕ್ಕದ ದ್ರೋಣಾಗಿರಿ ಸುತ್ತ. 2024ರ ಜನವರಿಯಲ್ಲಿ ಉರಣ್‌ವರೆಗೆ ಲೋಕಲ್ ಶುರುವಾದ ಮೇಲೆ ನೆರೂಲ್ ಅಥವಾ ಬೇಲಾಪುರದಿಂದ ರೈಲಿನಲ್ಲಿ ಹೋಗಬಹುದು. ಸ್ಟೇಷನ್ನಿನಿಂದ ಅಂಗಳದ ಗೇಟಿನವರೆಗೆ ಮಾತ್ರ ಕಂಟೇನರ್ ಲಾರಿಗಳ ರಸ್ತೆ. "ಅಗತ್ಯ ಬಿದ್ದರೆ" ಎಂಬುದು ತಿಂಗಳಿಗೊಮ್ಮೆಯೋ ದಿನ ಬಿಟ್ಟು ದಿನವೋ ಎಂಬುದರ ಮೇಲೆ ಈ ಕೆಲಸ ಆಗುತ್ತದೋ ಇಲ್ಲವೋ ಎಂಬುದೇ ನಿಂತಿದೆ. ಸ್ವಂತ ಬೈಕ್ ಕೇಳಿದ್ದಾರೆ, ಪೆಟ್ರೋಲಿನ ಸುದ್ದಿ ಸೌಲಭ್ಯದ ಭಾಗದಲ್ಲಿ ಎಲ್ಲೂ ಇಲ್ಲ. ಒಂದು ಭಾಗದಲ್ಲಿ ಕೇಳಿದ್ದಕ್ಕೆ ಇನ್ನೊಂದು ಭಾಗದಲ್ಲಿ ಜೋಡಿ ಇದೆಯಾ ಎಂದು ಅಡ್ಡಡ್ಡ ಓದುವುದು ಮೂರು ಭಾಗ ಮಾಡಿದ ಮೇಲಷ್ಟೇ ಸಾಧ್ಯ.

ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಅವಳು ಕಂಪನಿಗೆ ಫೋನ್ ಮಾಡಿದಳು. ಆ ಕಡೆಯವರು ಬೇಸರಪಡದೆ ಉತ್ತರಿಸಿದರಂತೆ. ಉತ್ತರ ಬಂದ ಮೇಲೆ ಕೆಲಸದ ಭಾಗ ಹೀಗಾಯಿತು:

- ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ತಾಳೆ ನೋಡುವುದು
- ಶಿಪ್ಪಿಂಗ್ ಬಿಲ್ಲಿನ ಚೆಕ್‌ಲಿಸ್ಟ್ ತಯಾರಿಸಿ ಪಾರ್ಟಿಯ ಒಪ್ಪಿಗೆ ಪಡೆಯುವುದು
- ಪೂರಕ ಕಾಗದಗಳನ್ನು ಇ-ಸಂಚಿತ್‌ಗೆ ಏರಿಸುವುದು
- ಬಿಲ್ ಆಫ್ ಲೇಡಿಂಗ್ ಕರಡನ್ನು ಶಿಪ್ಪಿಂಗ್ ಲೈನಿನಿಂದ ತರಿಸಿಕೊಳ್ಳುವುದು
- ದಿನದ ರಿಪೋರ್ಟನ್ನು ಪಾರ್ಟಿಗೆ ಮೇಲ್ ಮಾಡುವುದು
- ಆಫೀಸಿನಲ್ಲಿ ಕಟ್-ಆಫ್ ಇರುವ ದಿನ ರಾತ್ರಿ 9ರವರೆಗೆ ಇರುವುದು

ಐಸ್‌ಗೇಟ್‌ನಲ್ಲಿ ಸಲ್ಲಿಸುವವರು ಜಿ ಕಾರ್ಡ್ ಇರುವ ಹಿರಿಯರೊಬ್ಬರು. ಸಿಎಫ್‌ಎಸ್ ಓಡಾಟಕ್ಕೆ ಬೇರೆ ಹುಡುಗರಿದ್ದಾರೆ, ಎಲ್ಲ ಹುದ್ದೆಗೂ ಒಂದೇ ಜಾಹೀರಾತು ಹಾಕಿದ್ದರಿಂದ ಅದು ಇಲ್ಲಿ ನುಸುಳಿದೆ. ಬೈಕಿನ ಸಾಲೂ ಅದರ ಜೊತೆಗೇ ಹೋಯಿತು. ಒಂಬತ್ತು ದಾಟಿದರೆ ಥಾಣೆವರೆಗೆ ಗಾಡಿಯ ವ್ಯವಸ್ಥೆ ಇದೆಯಂತೆ. ಖಾಲಿ ಬಿದ್ದಿದ್ದ ಕಂಪನಿಯ ಕಡೆಗೆ ಕೊನೆಗೂ ಒಂದು ಸಾಲು ಬಂತು. ಜಾಹೀರಾತು ಬರೆದವರಿಗೆ "ಮನೆಯಂಥ ವಾತಾವರಣ" ನೆನಪಾಯಿತು, ರಾತ್ರಿ ಹೆಣ್ಣುಮಕ್ಕಳನ್ನು ಮನೆ ಕಡೆ ಮುಟ್ಟಿಸುವ ಗಾಡಿ ನೆನಪಾಗಲಿಲ್ಲ.

ಇದೇ ಮರೆವು ನಮ್ಮ ಹೋಟೆಲಿನವರಲ್ಲಿ ಇನ್ನೂ ಜಾಸ್ತಿ. ಥಾಣೆಯಲ್ಲಿ ಉಡುಪಿ ಹೋಟೆಲು ನಡೆಸುವ ಪರಿಚಿತರೊಬ್ಬರು ಜಾಹೀರಾತು ತಿದ್ದಿಕೊಡಿ ಎಂದು ಕಳಿಸಿದ್ದರು. "ಸಪ್ಲೈಯರ್, ಕ್ಯಾಪ್ಟನ್, ದೋಸೆ ಭಟ್ರು ಬೇಕಾಗಿದ್ದಾರೆ. ಪ್ರಾಮಾಣಿಕರು, ಶ್ರಮಜೀವಿಗಳು ಸಂಪರ್ಕಿಸಿ." ಇಷ್ಟೇ. ಸೌಲಭ್ಯ ಏನು ಕೊಡುತ್ತೀರಿ ಎಂದರೆ, "ಎಂತ ಸೌಲಭ್ಯ ಮಾರಾಯ್ರೇ, ಹೋಟೆಲಿನಲ್ಲಿ ಎಂತ ಇರ್ತದೆ?" ಎಂದರು. ಹುಡುಗರು ಎಲ್ಲಿ ಮಲಗುತ್ತಾರೆ? ಹತ್ತಿರದಲ್ಲೇ ರೂಮು ಕೊಟ್ಟಿದ್ದಾರೆ, ಬಾಡಿಗೆ ಇವರದೇ. ಊಟ? ಎರಡು ಹೊತ್ತಿನ ಊಟ, ತಿಂಡಿ, ಚಹಾ ಎಲ್ಲ ಹೋಟೆಲಿನದೇ. ಊರಿಗೆ ಹೋಗಲು? ವರ್ಷಕ್ಕೊಮ್ಮೆ ರಜೆ, ಟಿಕೆಟ್ ಖರ್ಚು ಕೊಡುತ್ತಾರೆ. ಥಾಣೆಯಲ್ಲಿ ಕೋಣೆ ಬಾಡಿಗೆ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಇಷ್ಟನ್ನೂ ವರ್ಷಗಟ್ಟಲೆ ಕೊಡುತ್ತಾ ಬಂದು ಅದು ಕೊಡುವ ಲೆಕ್ಕಕ್ಕೆ ಬರುತ್ತದೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಅವರದ್ದಕ್ಕೆ ಇನ್ನೊಂದು ಕತ್ತರಿಯೂ ಬೇಕಾಯಿತು. ಮೂರು ಹುದ್ದೆಗೆ ಒಂದೇ ಕೆಲಸದ ಪಟ್ಟಿ ಆಗುವುದಿಲ್ಲ. ಸಪ್ಲೈಯರ್ ಆರ್ಡರ್ ತೆಗೆದುಕೊಂಡು ಬಡಿಸುವುದು, ಕ್ಯಾಪ್ಟನ್ ಟೇಬಲ್ ಹಂಚಿ ಬಿಲ್ ಗಲ್ಲಕ್ಕೆ ಮುಟ್ಟಿಸುವುದು, ದೋಸೆ ಭಟ್ರು ಹಿಟ್ಟು ರುಬ್ಬಿಸಿ ಕಾವಲಿ ಮೇಲೆ ನಿಲ್ಲುವುದು. ಸೌಲಭ್ಯ ಮೂವರಿಗೂ ಒಂದೇ, ಅದನ್ನು ಒಮ್ಮೆ ಬರೆದರೆ ಸಾಕು. ಕೆಲಸ, ಅರ್ಹತೆ ಪ್ರತಿ ಹುದ್ದೆಗೂ ಬೇರೆ ಬೇರೆ. "ಪ್ರಾಮಾಣಿಕರು" ಎಂಬುದನ್ನು ತೆಗೆಯಲು ಮಾತ್ರ ಅವರು ಒಪ್ಪಲಿಲ್ಲ. ಇರಲಿ ಎಂದು ಬಿಟ್ಟೆ.

ಕಲ್ಯಾಣದ ಹುಡುಗಿಗೆ ಇಂಟರ್‌ವ್ಯೂ ಆಗಿ ಆಫರ್ ಬಂದಿದೆ, 3 ಲಕ್ಷದ ಸಿಟಿಸಿ. ಮೂಲ ವಾಟ್ಸಾಪ್ ಸಂದೇಶವನ್ನೂ ತಾನು ಮೂರು ಭಾಗ ಮಾಡಿದ ಕಾಗದವನ್ನೂ ಇಟ್ಟುಕೊಂಡಿದ್ದಾಳೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕ ಪತ್ರ ಕೊಡುವುದು ಕಡ್ಡಾಯ. ಆ ಪತ್ರ ಬಂದಾಗ ತನ್ನ ಕಾಗದದ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಬೇಕು. ರಾತ್ರಿಯ ಗಾಡಿಯ ಸಾಲು ಪತ್ರದಲ್ಲಿ ಇಲ್ಲದಿದ್ದರೆ ಸಹಿ ಹಾಕುವ ಮುಂಚೆ ಮೇಲ್‌ನಲ್ಲಾದರೂ ಬರೆಸಿಕೊಳ್ಳಲು ಹೇಳಿದ್ದೇನೆ.